ಎರಡಡಿ ತೊಟ್ಟಿಯ ಲೆಕ್ಕ

ಮೀನಿನ ಸಾಮಾನು ಮಾರುವ ಅಂಗಡಿಗಳಲ್ಲಿ ದುಂಡನೆಯ ಗಾಜಿನ ಬೋಲ್‌ಗಳ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ: ಹತ್ತು ಇಂಚು, ದಪ್ಪ ಗಾಜು, ಗೋಲ್ಡ್‌ಫಿಶ್‌ಗೆ ಸೂಕ್ತ. ಮೊದಲ ಎರಡು ಮಾತು ನಿಜವೇ ಇರಬಹುದು. ಮೂರನೆಯದು ಸುಳ್ಳು. ಅದು ಯಾಕೆ ಸುಳ್ಳೆಂಬುದನ್ನು ಮೊದಲನೆಯ ಮಾತಿನಿಂದಲೇ ಲೆಕ್ಕ ಹಾಕಿ ತೋರಿಸಬಹುದು. ಅಳತೆ, ಗಾಜು, ಯಾವ ಜೀವಿಗೆ ಹೊಂದುತ್ತದೆ ಎಂಬ ಮೂರು ವಿವರಗಳನ್ನು ಚೀಟಿ ಬೇರೆ ಬೇರೆ ಸಾಲಿನಲ್ಲಿ ಬರೆಯುತ್ತದೆ. ನೀರಿನೊಳಗೆ ಮಾತ್ರ ಅವು ಬೇರೆ ಬೇರೆಯಾಗಿ ಇರುವುದಿಲ್ಲ.

ಅಳತೆಯಿಂದಲೇ ಶುರು ಮಾಡೋಣ. ಹತ್ತು ಇಂಚು ಎಂದರೆ ಸುಮಾರು 25 ಸೆಂಟಿಮೀಟರ್ ಅಡ್ಡಳತೆಯ ಗೋಳ. ಅದಕ್ಕೆ ಅರ್ಧದವರೆಗೆ ನೀರು ಹಾಕಿದರೆ ನಾಲ್ಕು ಲೀಟರ್ ಹಿಡಿಯುತ್ತದೆ, ನೀರಿನ ಮೇಲ್ಮೈ ಸುಮಾರು 490 ಚದರ ಸೆಂಟಿಮೀಟರ್ ಇರುತ್ತದೆ. ಮೀನಿಗೆ ಇನ್ನಷ್ಟು ಜಾಗ ಸಿಗಲಿ ಎಂದು 20 ಸೆಂಟಿಮೀಟರ್ ಎತ್ತರದವರೆಗೆ ತುಂಬಿಸಿದಿರಿ ಎನ್ನಿ. ನೀರು ಏಳು ಲೀಟರಿಗಿಂತ ತುಸು ಹೆಚ್ಚಾಗುತ್ತದೆ, ಆದರೆ ಮೇಲ್ಮೈ 315ಕ್ಕೆ ಇಳಿಯುತ್ತದೆ. ಚೆಂದ ಕಾಣಲೆಂದು ಕುತ್ತಿಗೆಯ ಹತ್ತಿರ, 23 ಸೆಂಟಿಮೀಟರಿನವರೆಗೆ ತುಂಬಿಸಿದರೆ ನೀರು ಎಂಟು ಲೀಟರ್, ಮೇಲ್ಮೈ ಬರೀ 145 ಚದರ ಸೆಂಟಿಮೀಟರ್. ಒಂದು ತಟ್ಟೆಯಷ್ಟಿದ್ದ ಜಾಗ ಅಂಗೈಯಷ್ಟಾಯಿತು.

ಮೇಲ್ಮೈಗೆ ಇಷ್ಟು ಮಹತ್ವ ಏಕೆ? ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ಒಂದು ಲೀಟರ್ ಗಾಳಿಯಲ್ಲಿ 270 ಮಿಲಿಗ್ರಾಂ ಆಸುಪಾಸು ಆಮ್ಲಜನಕ ಇದ್ದರೆ, 25 ಡಿಗ್ರಿಯ ಒಂದು ಲೀಟರ್ ನೀರು ಸಮುದ್ರಮಟ್ಟದಲ್ಲಿ ಹಿಡಿದಿಟ್ಟುಕೊಳ್ಳುವುದು ಹೆಚ್ಚೆಂದರೆ ಎಂಟು ಚಿಲ್ಲರೆ ಮಿಲಿಗ್ರಾಂ. ಆ ಪುಟ್ಟ ದಾಸ್ತಾನು ಖರ್ಚಾಗುತ್ತ ಹೋದಂತೆ ತುಂಬಿಕೊಡುವ ಮುಖ್ಯ ದಾರಿ ಒಂದೇ, ನೀರೂ ಗಾಳಿಯೂ ಸಂಧಿಸುವ ಮೇಲ್ಮೈ. ನೀರು ಬಿಸಿಯಾದಷ್ಟೂ ಅದರ ಹಿಡಿತ ಕಡಿಮೆ, ಊರು ಎತ್ತರದಲ್ಲಿದ್ದಷ್ಟೂ ಕಡಿಮೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಹಾಗಾಗಿ ಇಲ್ಲಿಯ 25 ಡಿಗ್ರಿ ನೀರಿನಲ್ಲಿ ಇರುವ ಆಮ್ಲಜನಕವೂ ಮಂಗಳೂರಿನ 30 ಡಿಗ್ರಿ ನೀರಿನಲ್ಲಿ ಇರುವುದೂ ಹೆಚ್ಚುಕಡಿಮೆ ಒಂದೇ. ನಮ್ಮೂರು ತಂಪು, ಮೀನಿಗೆ ಒಳ್ಳೆಯದು ಎಂದು ಬೆಂಗಳೂರಿನವರು ಹೆಚ್ಚು ಬೀಗುವಂತಿಲ್ಲ.

ಬೋಲ್‌ನಲ್ಲಿಟ್ಟ ಮೀನು ಬೆಳಗಿನ ಜಾವ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದರೆ ಮನೆಯವರು ಹಸಿವಾಗಿದೆ ಎಂದುಕೊಂಡು ಕಾಳು ಹಾಕುತ್ತಾರೆ. ಅದು ಹಸಿವಲ್ಲ. ಮೇಲ್ಮೈಯ ತೆಳುಪದರದಲ್ಲಿ ಮಾತ್ರ ಆಮ್ಲಜನಕ ಉಳಿದಿದೆ, ಅದನ್ನು ಹೀರುತ್ತಿದೆ. ಇಟಲಿಯ ಮೋಂಝಾ ನಗರ 2004ರಲ್ಲಿ ದುಂಡು ಬೋಲ್‌ಗಳಲ್ಲಿ ಮೀನು ಸಾಕುವುದನ್ನು ನಿಷೇಧಿಸಿತು, ಮರುವರ್ಷ ರೋಮ್ ಕೂಡ ಅದೇ ಹಾದಿ ಹಿಡಿಯಿತು. ಬಾಗಿದ ಗಾಜಿನಿಂದ ಮೀನಿಗೆ ಲೋಕ ವಕ್ರವಾಗಿ ಕಾಣುತ್ತದೆ ಎಂಬುದು ಮೋಂಝಾದವರ ವಾದ. ಅದು ಹೌದೋ ಅಲ್ಲವೋ, ಉಸಿರಿನ ಕಾರಣವೊಂದೇ ನಿಷೇಧಕ್ಕೆ ಸಾಕಿತ್ತು.

ಈಗ ಅದೇ ಅಂಗಡಿಯಲ್ಲಿ ಸಾಧಾರಣವಾಗಿ ಸಿಗುವ ಎರಡಡಿ ತೊಟ್ಟಿಯನ್ನು ನೋಡಿ: ಉದ್ದ ಎರಡು ಅಡಿ, ಅಗಲ ಒಂದು, ಎತ್ತರ ಒಂದು. ಎರಡು ಘನ ಅಡಿ, ಅಂದರೆ 56 ಲೀಟರ್ ಎಂದು ಚೀಟಿ ಹೇಳುತ್ತದೆ. ಅದು ಹೊರ ಅಳತೆಯ ಲೆಕ್ಕ. ಐದು ಮಿಲಿಮೀಟರ್ ಗಾಜಿನ ದಪ್ಪ ಕಳೆದರೆ 53 ಆಯಿತು. ಅಂಚಿನವರೆಗೆ ಯಾರೂ ತುಂಬಿಸುವುದಿಲ್ಲ, ಎರಡು ಇಂಚು ಬಿಟ್ಟರೆ 44. ತಳಕ್ಕೆ ಐದಾರು ಕಿಲೋ ಸಣ್ಣ ಕಲ್ಲು ಹಾಕಿದರೆ ಅದು ಮತ್ತೆರಡು ಲೀಟರಿನ ಜಾಗ ತಿನ್ನುತ್ತದೆ. ಕೊನೆಗೆ ಮೀನಿನ ಪಾಲಿಗೆ ಉಳಿಯುವುದು 42 ಲೀಟರ್. ಔಷಧದ ಪ್ರಮಾಣ, ಮೀನಿನ ಸಂಖ್ಯೆ, ಹೀಟರಿನ ವಾಟ್ ಎಲ್ಲವನ್ನೂ ಈ 42ರ ಮೇಲೆ ಲೆಕ್ಕ ಹಾಕಬೇಕು, ಚೀಟಿಯ 56ರ ಮೇಲಲ್ಲ. ಔಷಧದಲ್ಲಿ ಈ ತಪ್ಪಾದರೆ ಮೂರನೇ ಒಂದರಷ್ಟು ಹೆಚ್ಚು ಬೀಳುತ್ತದೆ. ತೊಟ್ಟಿಯ ಮೇಲ್ಮೈ ಸುಮಾರು 1,800 ಚದರ ಸೆಂಟಿಮೀಟರ್. ಗೋಡೆಗಳು ನೇರವಾಗಿರುವುದರಿಂದ ನೀರು ಎಷ್ಟೇ ಇರಲಿ ಅದು ಬದಲಾಗುವುದಿಲ್ಲ.

ಗಾಳಿ ಪಂಪು ಹಾಕಿದರೆ ಬೋಲ್ ಕೂಡ ಆಗುತ್ತದಲ್ಲ ಎಂದು ಕೇಳುವವರಿದ್ದಾರೆ. ಮೇಲೇಳುವ ಗುಳ್ಳೆಗಳಿಂದ ನೇರವಾಗಿ ಕರಗುವ ಆಮ್ಲಜನಕ ಅಲ್ಪ. ಅವು ಮಾಡುವ ದೊಡ್ಡ ಕೆಲಸವೆಂದರೆ ತಳದ ನೀರನ್ನು ಮೇಲಕ್ಕೆತ್ತಿ ಮೇಲ್ಮೈಯನ್ನು ಕಲಕುವುದು. ಉಸಿರಿನ ಸಮಸ್ಯೆ ಅದರಿಂದ ಸ್ವಲ್ಪ ನೀಗುತ್ತದೆ, ಒಪ್ಪೋಣ. ಆದರೆ ಬೋಲ್‌ನಲ್ಲಿ ಮೀನು ಸಾಯುವುದು ಹೆಚ್ಚಾಗಿ ಉಸಿರು ಕಟ್ಟಿ ಅಲ್ಲ, ತನ್ನದೇ ಅಮೋನಿಯಾದಿಂದ.

ಮೀನು ತಿಂದ ಪ್ರೋಟೀನಿನ ಸಾರಜನಕದ ಬಹುಪಾಲನ್ನು ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ನೀರಿಗೆ ಬಿಡುತ್ತದೆ. ಮೀನುಸಾಕಣೆಯವರ ಅಂದಾಜಿನಂತೆ ಒಂದು ಕಿಲೋ ಆಹಾರಕ್ಕೆ ಸುಮಾರು 30 ಗ್ರಾಂ ಅಮೋನಿಯಾ-ಸಾರಜನಕ ಹೊರಬರುತ್ತದೆ. ಪುಟ್ಟ ಗೋಲ್ಡ್‌ಫಿಶ್ ಒಂದಕ್ಕೆ ದಿನಕ್ಕೆ ಒಂದು ಚಿಟಿಕೆ, 0.2 ಗ್ರಾಂ ಕಾಳು ಹಾಕಿದಿರಿ ಎನ್ನೋಣ. ಹೊರಬರುವುದು ಆರು ಮಿಲಿಗ್ರಾಂ. ಏಳು ಲೀಟರಿನ ಬೋಲ್‌ನಲ್ಲಿ ಅದು ಲೀಟರಿಗೆ 0.86 ಮಿಲಿಗ್ರಾಂ ಆಗುತ್ತದೆ. 42 ಲೀಟರಿನ ತೊಟ್ಟಿಯಲ್ಲಿ 0.14.

ಇದಿಷ್ಟೂ ವಿಷವಲ್ಲ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ವಿದ್ಯುದಂಶ ಹೊತ್ತ ಅಮೋನಿಯಂ ಹೆಚ್ಚು ತೊಂದರೆ ಕೊಡುವುದಿಲ್ಲ, ವಿದ್ಯುದಂಶವಿಲ್ಲದ ಅಮೋನಿಯಾ ಕಿವಿರನ್ನು ಸುಡುತ್ತದೆ. ಯಾವುದು ಎಷ್ಟು ಎಂಬುದನ್ನು ಮುಖ್ಯವಾಗಿ ನೀರಿನ ಪಿಎಚ್ ನಿರ್ಧರಿಸುತ್ತದೆ. ಪಿಎಚ್ 7 ಇದ್ದಾಗ ನೂರರಲ್ಲಿ ಅರ್ಧ ಭಾಗ ಮಾತ್ರ ವಿಷದ ರೂಪದ್ದು, 8 ಆದಾಗ ಐದು ಭಾಗ. ಬೆಂಗಳೂರಿನ ಬಹಳಷ್ಟು ಬೋರ್‌ವೆಲ್ ನೀರು ಗಡಸು, ಕ್ಷಾರೀಯ. ಪಿಎಚ್ 8ರ ನೀರು ತುಂಬಿಸಿದ ಬೋಲ್‌ನಲ್ಲಿ ಒಂದೇ ದಿನಕ್ಕೆ ವಿಷದ ಅಮೋನಿಯಾ ಲೀಟರಿಗೆ 0.04 ಮಿಲಿಗ್ರಾಂ ಮುಟ್ಟುತ್ತದೆ. ಕಿವಿರುಗಳಿಗೆ ಹಾನಿ ಶುರುವಾಗುವುದು ಸರಿಸುಮಾರು ಅಲ್ಲಿಯೇ. ತೊಟ್ಟಿಯಲ್ಲಿ ಅಷ್ಟು ಕೂಡಲು ಆರು ದಿನ ಬೇಕು. ಎರಡು ದಿನಕ್ಕೊಮ್ಮೆ ಬೋಲ್‌ನ ನೀರು ಪೂರ್ತಿ ಬದಲಿಸುವವರ ಮೀನು ಕೆಲವು ತಿಂಗಳು ಬದುಕುವುದೂ, ವಾರಕ್ಕೊಮ್ಮೆ ಬದಲಿಸುವವರ ಮೀನು ಹತ್ತು ದಿನದಲ್ಲಿ ಹೋಗುವುದೂ ಈ ಲೆಕ್ಕದಿಂದಲೇ. ಕೆಂಪಾದ ಕಿವಿರು, ದೇಹಕ್ಕೆ ಒತ್ತಿಕೊಂಡ ರೆಕ್ಕೆ, ಕಲ್ಲಿಗೆ ಮೈ ಉಜ್ಜುವುದು, ಇವು ಅಮೋನಿಯಾ ವಿಷದ ಲಕ್ಷಣಗಳು.

ತೊಟ್ಟಿಯಲ್ಲಿ ಸಿಗುವ ಆ ಆರು ದಿನ ಬರೀ ಬಿಡುವಲ್ಲ. ಅಷ್ಟರಲ್ಲಿ ನೆರವಿಗೆ ಬರುವವರು ಬೇರೆ ಇದ್ದಾರೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್ ಅಷ್ಟಾಗಿ ಅಲ್ಲ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡಿಕೊಂಡಿರುವುದು ಕಡಿಮೆ, ಯಾವುದಾದರೂ ಮೈಗೆ ಅಂಟಿಕೊಂಡು ಬೆಳೆಯುತ್ತವೆ. ಫಿಲ್ಟರ್ ಎಂದು ಮಾರುವ ಸ್ಪಂಜಿನ ನಿಜವಾದ ಕೆಲಸ ಕಸ ಹಿಡಿಯುವುದಲ್ಲ, ಇವಕ್ಕೆ ಮನೆ ಕೊಡುವುದು. ಪೂರ್ತಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ಕೊಂಡ ಸಂಜೆಯೇ ಹತ್ತು ಮೀನು ತಂದು ಬಿಟ್ಟರೆ ಅವು ಎರಡನೇ ವಾರದ ಹೊತ್ತಿಗೆ ಸಾಯತೊಡಗುವುದು ಇದಕ್ಕೇ. ಅಂಗಡಿಯವನು ಕೆಟ್ಟ ಮೀನು ಕೊಟ್ಟ ಎಂದು ಬೈಯುತ್ತೇವೆ.

ಇದೇ ಕಾರಣಕ್ಕೆ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬಾರದು. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದು ಭಾರತೀಯ ಮಾನಕ. ನಮ್ಮ ಹೊಟ್ಟೆಗೆ ಹೋಗುವ ರೋಗಾಣುಗಳನ್ನು ಕೊಲ್ಲಲು ಹಾಕಿದ ಕ್ಲೋರಿನ್ ಸ್ಪಂಜಿನ ಬ್ಯಾಕ್ಟೀರಿಯಾಗಳನ್ನೂ ಬಿಡುವುದಿಲ್ಲ. ತೊಟ್ಟಿಯಿಂದ ತೆಗೆದ ಹಳೇ ನೀರಿನ ಬಕೆಟ್ಟಿನಲ್ಲಿ ಎರಡು ಸಲ ಹಿಂಡಿದರೆ ಸಾಕು. ಕಾವೇರಿ ನೀರು ತುಂಬಿಸುವವರು ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದಿಡಲಿ, ಇಲ್ಲವೇ ಅಂಗಡಿಯಲ್ಲಿ ಆಂಟಿ-ಕ್ಲೋರಿನ್ ಎಂದು ಕೊಡುವ ಸೋಡಿಯಂ ಥಯೋಸಲ್ಫೇಟ್ ಹಾಕಲಿ.

ತೊಟ್ಟಿಯೊಳಗಿನ ಈ ಪರಸ್ಪರ ಅವಲಂಬನೆಯನ್ನು ಮೊದಲಿಗೆ ಪ್ರಯೋಗ ಮಾಡಿ ನೋಡಿದವರಲ್ಲಿ ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಒಬ್ಬ. ಸುಮಾರು 12 ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಆತ ಎರಡು ಪುಟ್ಟ ಗೋಲ್ಡ್‌ಫಿಶ್‌ಗಳನ್ನೂ ವ್ಯಾಲಿಸ್ನೇರಿಯಾ ಎಂಬ ನೀರುಗಿಡವನ್ನೂ ಇಟ್ಟ. ಗಿಡ ಆಮ್ಲಜನಕ ಕೊಟ್ಟಿತು, ಆದರೆ ಅದರ ಹಳೇ ಎಲೆಗಳು ಕೊಳೆತು ನೀರು ಕೆಡತೊಡಗಿತು. ಬಸವನಹುಳುಗಳನ್ನು ಬಿಟ್ಟ ಮೇಲೆ ಅವು ಕೊಳೆತದ್ದನ್ನು ತಿಂದು ನೀರು ತಿಳಿಯಾಯಿತು. ಇದನ್ನು ಆತ 1850ರಲ್ಲಿ ಅಲ್ಲಿಯ ರಸಾಯನ ವಿಜ್ಞಾನ ಸಂಘದ ಮುಂದಿಟ್ಟ. ಬ್ಯಾಕ್ಟೀರಿಯಾಗಳ ಪಾತ್ರ ಆತನಿಗೆ ತಿಳಿದಿರಲಿಲ್ಲ. ಆ 12 ಗ್ಯಾಲನ್ನನ್ನು ಲೀಟರಿಗೆ ಇಳಿಸಿದರೆ 54 ಚಿಲ್ಲರೆ, ನಮ್ಮ ಎರಡಡಿ ತೊಟ್ಟಿಯ ಚೀಟಿಯಲ್ಲಿರುವ ಅಳತೆಯ ಹತ್ತಿರಹತ್ತಿರ.

ಅಳತೆ ಬಿಟ್ಟು ಗಾಜಿಗೆ ಬರೋಣ. ದೊಡ್ಡ ತೊಟ್ಟಿಗೆ ದಪ್ಪ ಗಾಜು ಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ನೀರಿನ ಒತ್ತಡ ತೊಟ್ಟಿಯ ಉದ್ದವನ್ನಾಗಲೀ ಅಗಲವನ್ನಾಗಲೀ ನೋಡುವುದಿಲ್ಲ, ಆಳವನ್ನು ಮಾತ್ರ ನೋಡುತ್ತದೆ. ನಮ್ಮ ತೊಟ್ಟಿಯಲ್ಲಿ 25 ಸೆಂಟಿಮೀಟರ್ ನೀರಿದ್ದಾಗ ಮುಂದಿನ ಗಾಜಿನ ಮೇಲೆ ಬೀಳುವ ಒಟ್ಟು ತಳ್ಳುವಿಕೆ ಸುಮಾರು 19 ಕಿಲೋ ಭಾರಕ್ಕೆ ಸಮ. ಅದೇ ಉದ್ದದ, ಒಂದೂವರೆ ಅಡಿ ಎತ್ತರದ ತೊಟ್ಟಿ ತಂದು 40 ಸೆಂಟಿಮೀಟರ್ ನೀರು ತುಂಬಿಸಿದರೆ ಅದು 48 ಕಿಲೋ ಆಗುತ್ತದೆ. ಎತ್ತರ ಅರ್ಧ ಅಡಿ ಹೆಚ್ಚಿತು, ತಳ್ಳುವಿಕೆ ಎರಡೂವರೆ ಪಟ್ಟಾಯಿತು. ಉದ್ದ ಹೆಚ್ಚಿದರೆ ಗಾಜು ನಡುವಿನಲ್ಲಿ ಹೊರಕ್ಕೆ ಬಾಗುವುದು ಹೆಚ್ಚುತ್ತದೆ ಎನ್ನುವುದೂ ನಿಜ. ಮೂರಡಿ ದಾಟಿದ ತೊಟ್ಟಿಗಳ ಮೇಲಂಚಿಗೆ ಅಡ್ಡಪಟ್ಟಿ ಅಂಟಿಸುವುದು ಅದಕ್ಕೆ.

ಒಂದಡಿ ಎತ್ತರದ ಎರಡಡಿ ತೊಟ್ಟಿಗೆ ಐದು ಮಿಲಿಮೀಟರ್ ಗಾಜು ಸಾಕು. ಕೆಲವು ಕಡೆ ನಾಲ್ಕರದ್ದು ಅಗ್ಗಕ್ಕೆ ಸಿಗುತ್ತದೆ. ಒಂದು ಮಿಲಿಮೀಟರ್ ತಾನೇ ಎನ್ನಬೇಡಿ. ಗಾಜು ಬಾಗುವ ಪ್ರಮಾಣ ದಪ್ಪದ ಘನಕ್ಕೆ ವಿಲೋಮವಾಗಿರುತ್ತದೆ, ಆದ್ದರಿಂದ ನಾಲ್ಕು ಇದ್ದದ್ದು ಐದಾದರೆ ಬಾಗುವಿಕೆ ಅರ್ಧಕ್ಕಿಳಿಯುತ್ತದೆ. ನೀರು ತುಂಬಿಸಿದ ಮೇಲೆ ಮುಂದಿನ ಗಾಜಿಗೆ ಉಕ್ಕಿನ ಸ್ಕೇಲ್ ಒತ್ತಿಹಿಡಿದು ನೋಡಿ. ನಡುವೆ ಮಾತ್ರ ತಾಗಿ ಎರಡು ತುದಿಯಲ್ಲಿ ಎದ್ದುಕಾಣುವ ಸಂದಿ ಬಿಟ್ಟರೆ ನೀರಿನ ಮಟ್ಟ ಇಳಿಸಿ, ಅಂಗಡಿಗೆ ಹೋಗಿ ಮಾತಾಡಿ.

ಗಾಜುಗಳನ್ನು ಹಿಡಿದಿಡುವುದು ಸಿಲಿಕೋನ್ ಅಂಟು. ಹಚ್ಚುವಾಗ ವಿನೆಗರ್ ವಾಸನೆ ಬರುವ, ಬೇರೇನೂ ಬೆರೆಸದ ಬಗೆಯದು ಮೀನಿನ ತೊಟ್ಟಿಗೆ ಆಗುತ್ತದೆ. ಬಚ್ಚಲುಮನೆಗೆಂದು ಮಾರುವ, ಬೂಷ್ಟು ಹಿಡಿಯದ ಸಿಲಿಕೋನ್ ಆಗುವುದಿಲ್ಲ. ಬೂಷ್ಟನ್ನು ಕೊಲ್ಲಲು ಅದರಲ್ಲಿ ಬೆರೆಸಿದ ರಾಸಾಯನಿಕ ನೀರಿಗಿಳಿದು ಮೀನನ್ನೂ ಕೊಲ್ಲುತ್ತದೆ. ಎರಡು ಟ್ಯೂಬುಗಳೂ ನೋಡಲು ಒಂದೇ ಥರ, ಸಣ್ಣಕ್ಷರ ಓದಬೇಕು. ಸೋರುವ ಮೂಲೆಯನ್ನು ಮನೆಯಲ್ಲೇ ಸರಿಮಾಡುವವರು ಹಳೇ ಸಿಲಿಕೋನಿನ ಮೇಲೆ ಹೊಸತು ಬಳಿಯುವುದುಂಟು. ಅದು ಹಿಡಿಯುವುದಿಲ್ಲ. ಹಳೆಯದನ್ನು ಬ್ಲೇಡಿನಿಂದ ಪೂರ್ತಿ ಕೆರೆದು, ಗಾಜು ಒಣಗಿಸಿ, ಹೊಸದು ಹಚ್ಚಿ, ವಿನೆಗರ್ ವಾಸನೆ ಸುಳಿವಿಲ್ಲದಂತೆ ಹೋಗುವವರೆಗೆ, ಅಂದರೆ ಸುಮಾರು ಒಂದು ವಾರ, ನೀರು ತುಂಬಿಸದೆ ಬಿಡಬೇಕು.

ತೊಟ್ಟಿ ಇಡುವ ಜಾಗದ ವಿವರ ಚೀಟಿಯಲ್ಲಿ ಇರುವುದೇ ಇಲ್ಲ. ನೀರು 42 ಕಿಲೋ, ಗಾಜು ಒಂಬತ್ತು, ಕಲ್ಲು ಐದಾರು. ಒಟ್ಟು ಸುಮಾರು 57 ಕಿಲೋ ಹಗಲೂ ರಾತ್ರಿ ಒಂದೇ ಕಡೆ ಕೂತಿರುತ್ತದೆ. ಟೀಪಾಯಿ, ಪುಸ್ತಕದ ಕಪಾಟು ಅದಕ್ಕೆ ಮಾಡಿದವಲ್ಲ. ಭಾರಕ್ಕಿಂತ ಅಪಾಯಕಾರಿಯಾದದ್ದು ಏರುಪೇರು. ಸ್ಟ್ಯಾಂಡಿನ ಒಂದು ಮೂಲೆ ಎರಡು ಮಿಲಿಮೀಟರ್ ತಗ್ಗಿದ್ದರೂ ತಳದ ಗಾಜು ತಿರುಚಿಕೊಳ್ಳುತ್ತದೆ, ತಿಂಗಳುಗಳ ಮೇಲೆ ಯಾವುದೋ ರಾತ್ರಿ ಬಿರುಕು ಬಿಡುತ್ತದೆ. ತಳದ ಗಾಜು ನೇರವಾಗಿ ಸ್ಟ್ಯಾಂಡಿನ ಮೇಲೆ ಕೂರುವ ತೊಟ್ಟಿಯಾದರೆ ಅಡಿಗೆ ಅರ್ಧ ಇಂಚಿನ ಥರ್ಮಾಕೋಲ್ ಹಾಳೆ ಹಾಸುವುದು ಈ ಸಣ್ಣ ಉಬ್ಬುತಗ್ಗುಗಳನ್ನು ನುಂಗಲಿಕ್ಕೆ. ಕೊನೆಗೆ ನೀರಿನ ಮಟ್ಟವನ್ನೇ ನೋಡಿ: ನಾಲ್ಕೂ ಮೂಲೆಯಲ್ಲಿ ಅಂಚಿನಿಂದ ನೀರಿಗೆ ಒಂದೇ ದೂರ ಇರಬೇಕು.

ತೊಟ್ಟಿಯೊಳಗೆ ಹಾಕುವ ಕಲ್ಲಿನ ಬಗ್ಗೆ ಒಂದು ಪರೀಕ್ಷೆ ತಿಳಿದಿರಲಿ. ಬಿಳಿ ಮಾರ್ಬಲ್ ಚೂರು, ಹವಳದ ಪುಡಿ, ಚಿಪ್ಪು ಇವೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್. ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ನೊರೆ ಬಂದರೆ ಅದು ನೀರಿನಲ್ಲಿ ನಿಧಾನವಾಗಿ ಕರಗಿ ಗಡಸುತನವನ್ನೂ ಪಿಎಚ್ಚನ್ನೂ ಏರಿಸುತ್ತದೆ. ಪಿಎಚ್ ಏರಿದರೆ ಅಮೋನಿಯಾದ ವಿಷದ ಪಾಲು ಏರುತ್ತದೆ ಎಂಬುದನ್ನು ಮೇಲೆ ನೋಡಿದೆವು. ಗ್ರಾನೈಟ್ ಚೂರು, ನದಿಯ ಗುಂಡುಕಲ್ಲು ಸಾಮಾನ್ಯವಾಗಿ ನೊರೆ ಬರಿಸುವುದಿಲ್ಲ. ತಾಮ್ರ, ಹಿತ್ತಾಳೆಯ ಯಾವ ವಸ್ತುವೂ ಒಳಗೆ ಬೇಡ. ಲೀಟರಿಗೆ ಮಿಲಿಗ್ರಾಮಿನ ಸಣ್ಣ ಭಾಗದಷ್ಟು ತಾಮ್ರ ಸೇರಿದರೂ ಸಿಗಡಿ, ಬಸವನಹುಳು ಮೊದಲು ಸಾಯುತ್ತವೆ.

ವಿದ್ಯುತ್ತಿನ ವಿಷಯದಲ್ಲಿ ಎರಡು ಸಂಗತಿಗಳನ್ನು ಮನೆಯವರಿಗೆಲ್ಲ ಹೇಳಿಟ್ಟಿರಬೇಕು. ಗಾಳಿ ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗಿಟ್ಟರೆ ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಮ್ಮುಖವಾಗಿ ಹರಿದು ಪಂಪಿನೊಳಕ್ಕೆ, ಅಲ್ಲಿಂದ ಪ್ಲಗ್ಗಿಗೆ ಬರಬಹುದು. ಪಂಪನ್ನು ಮೇಲಿಡಿ, ಇಲ್ಲವೇ ಕೊಳವೆಗೆ ನೀರು ಹಿಂದಕ್ಕೆ ಬಿಡದ ವಾಲ್ವ್ ಹಾಕಿ. ಎಲ್ಲ ವೈರುಗಳೂ ಸಾಕೆಟ್ಟಿಗಿಂತ ಕೆಳಕ್ಕೆ ಜೋಲಿ ಮತ್ತೆ ಮೇಲೇರಿ ಪ್ಲಗ್ಗಿಗೆ ಹೋಗುವಂತಿರಲಿ, ಆಗ ವೈರಿನ ಗುಂಟ ಇಳಿಯುವ ಹನಿ ಕೆಳಗೇ ತೊಟ್ಟಿಕ್ಕುತ್ತದೆ. ಇನ್ನೊಂದು ಹೀಟರ್. ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ನಮ್ಮ ತೊಟ್ಟಿಗೆ 50 ವಾಟಿನದು ಸಾಕು, ಕರಾವಳಿಯಲ್ಲಿ ಬೇಕಾಗಿಯೇ ಇಲ್ಲ. ನೀರು ಬದಲಿಸುವಾಗ ಆರಿಸದೆ ಬಿಟ್ಟರೆ ನೀರಿನಿಂದ ಹೊರಗುಳಿದ ಗಾಜಿನ ಕೊಳವೆ ಕಾಯುತ್ತದೆ, ತಣ್ಣನೆ ನೀರು ಬಿದ್ದ ಕೂಡಲೇ ಒಡೆಯುತ್ತದೆ, ಒಳಗಿನ ತಂತಿ ನೀರಿಗೆ ತೆರೆದುಕೊಳ್ಳುತ್ತದೆ. ಆಗ ನಿಮ್ಮ ಕೈ ನೀರಿನಲ್ಲಿರುತ್ತದೆ. 30 ಮಿಲಿಆಂಪಿಯರ್ ಸೋರಿಕೆಗೆ ಬೀಳುವ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ತೊಟ್ಟಿಗಿಂತ ಮೊದಲು ಅದನ್ನು ಹಾಕಿಸಿ.

ಇಷ್ಟಾದ ಮೇಲೆ ಯಾವ ಮೀನಿಗೆ ಸೂಕ್ತ ಎಂಬ ಸಾಲಿಗೆ ಬರಬಹುದು. ಬೋರ್‌ವೆಲ್ ನೀರಿನ ಎರಡಡಿ ತೊಟ್ಟಿಗೆ ಗಪ್ಪಿ, ಪ್ಲಾಟಿಗಳಂಥ ಮೀನುಗಳು ಹೇಳಿಮಾಡಿಸಿದಂತೆ ಹೊಂದುತ್ತವೆ. ಅವಕ್ಕೆ ಗಡಸು, ಕ್ಷಾರೀಯ ನೀರೇ ಇಷ್ಟ. ಎಂಟು ಹತ್ತರಿಂದ ಶುರು ಮಾಡಿ; ಗಂಡುಹೆಣ್ಣು ಎರಡೂ ಇದ್ದರೆ ಸಂಖ್ಯೆ ತಾನಾಗಿಯೇ ಬೆಳೆಯುತ್ತದೆ, ಅದು ಬೇಡವೆಂದರೆ ಗಂಡುಗಳನ್ನಷ್ಟೇ ತನ್ನಿ. ನಿಯಾನ್ ಟೆಟ್ರಾ ದಕ್ಷಿಣ ಅಮೆರಿಕದ ಮೆತ್ತನೆಯ ಆಮ್ಲೀಯ ನೀರಿನದು, ಈ ನೀರಿನಲ್ಲಿ ಸೊರಗುತ್ತದೆ. ಫೈಟರ್ ಮೀನಿಗೆ ಕಿವಿರಿನ ಜೊತೆಗೆ ಗಾಳಿಯನ್ನೇ ನೇರವಾಗಿ ಉಸಿರಾಡುವ ಅಂಗವೊಂದಿದೆ, ಅಂಗಡಿಯಲ್ಲಿ ಅದನ್ನು ಪುಟ್ಟ ಡಬ್ಬಿಯಲ್ಲಿ ಇಟ್ಟರೂ ಬದುಕಿರುವ ಗುಟ್ಟು ಇದು. ಆದರೆ ಆ ಅಂಗ ಅಮೋನಿಯಾದಿಂದ ಕಾಪಾಡುವುದಿಲ್ಲ. ಅದಕ್ಕೂ ಹದಿನೈದಿಪ್ಪತ್ತು ಲೀಟರ್ ನೀರು, ಸ್ಪಂಜ್ ಫಿಲ್ಟರ್, ಹಾರಿ ಬೀಳದಂತೆ ಮುಚ್ಚಳ ಬೇಕು.

ಗೋಲ್ಡ್‌ಫಿಶ್? ಎರಡಡಿ ತೊಟ್ಟಿಯೂ ಅದಕ್ಕೆ ಮರಿಯಾಗಿದ್ದಾಗ ಮಾತ್ರ ಸಾಕು. ಅದು ಗೆಂಡೆಯ ಬಳಗದ ಮೀನು. ಉದ್ದನೆಯ ಸಾಧಾರಣ ತಳಿ ಒಂದಡಿಯ ಹತ್ತಿರ ಬೆಳೆಯಬಲ್ಲದು, ಇಂಗ್ಲೆಂಡಿನಲ್ಲಿ ಟಿಷ್ ಎಂಬ ಗೋಲ್ಡ್‌ಫಿಶ್ 43 ವರ್ಷ ಬದುಕಿತ್ತು. ಗುಂಡುಮೈಯ ತಳಿಗೂ ಒಂದೊಂದಕ್ಕೆ 70-80 ಲೀಟರ್ ಲೆಕ್ಕ ಹಿಡಿಯುವುದು ಒಳ್ಳೆಯದು.

ಕೊನೆಯದಾಗಿ, ಪಾಚಿ ತಿಂದು ಗಾಜು ಕ್ಲೀನ್ ಮಾಡುತ್ತದೆ ಎಂದು ತೊಟ್ಟಿಯ ಜೊತೆಗೇ ಕೊಡುವ ಸಕರ್ ಫಿಶ್. ಕೊಡುವಾಗ ಎರಡು ಇಂಚು ಇರುತ್ತದೆ, ಬೆಳೆದರೆ ಒಂದಡಿ ದಾಟುತ್ತದೆ. ಅಷ್ಟು ದೊಡ್ಡ ಮೀನು ಒಂದಡಿ ಅಗಲದ ತೊಟ್ಟಿಯಲ್ಲಿ ತಿರುಗಲೂ ಆಗದು. ಆಗ ಕನಿಕರದಿಂದ ಹತ್ತಿರದ ಕೆರೆಗೆ ಬಿಟ್ಟುಬರುತ್ತಾರೆ. ದಕ್ಷಿಣ ಅಮೆರಿಕದ ಈ ಮೀನು ಕೇರಳ, ತಮಿಳುನಾಡು, ಆಂಧ್ರದ ನೀರುಗಳಲ್ಲಿ ಹೀಗೆಯೇ ನೆಲೆಯೂರಿದೆ. ದಡದಲ್ಲಿ ಬಿಲ ಕೊರೆಯುತ್ತದೆ, ಮೈಮೇಲಿನ ಗಟ್ಟಿ ಫಲಕಗಳಿಂದ ಮೀನುಗಾರರ ಬಲೆ ಹರಿಯುತ್ತದೆ. ತೊಟ್ಟಿ ಕೊಳ್ಳುವಾಗ ಅದನ್ನು ಬೇಡವೆನ್ನಿ. ಈಗಾಗಲೇ ಮನೆಯಲ್ಲಿ ಬೆಳೆದಿದ್ದರೆ ಅಂಗಡಿಗೇ ವಾಪಸ್ ಕೊಡಿ, ದೊಡ್ಡ ತೊಟ್ಟಿ ಇರುವವರನ್ನು ಹುಡುಕಿ. ಕೆರೆಗೆ ಮಾತ್ರ ಬಿಡಬೇಡಿ.